ಅಜ್ಜನ ವಾಚು ಯಾವ ದೇಶದ್ದು? ಡಯಲ್ ಒಂದು ಹೇಳುತ್ತದೆ, ಮುಚ್ಚಳ ಇನ್ನೊಂದು

ಗಂಗಾವತಿ ಶರಣು | ಭಾನುವಾರ, ಬೆಳಿಗ್ಗೆ 9.40

ಅಮ್ಮನ ಟ್ರಂಕಿನ ತಳದಲ್ಲಿ, ಹಳೆಯ ಇಳಕಲ್ ಸೀರೆಯೊಂದರ ಮಡಿಕೆಯಲ್ಲಿ ಅಜ್ಜನ ಕೈಗಡಿಯಾರ ಸಿಕ್ಕಿದೆ. ಅಜ್ಜ ತುಂಗಭದ್ರಾ ಎಡದಂಡೆ ಕಾಲುವೆಯ ಕೆಲಸದಲ್ಲಿ ಮೇಸ್ತ್ರಿಯಾಗಿದ್ದರು. ವಾಚನ್ನು ಹೊಸಪೇಟೆಯಲ್ಲಿ ಕೊಂಡಿದ್ದರಂತೆ. ಯಾವ ವರ್ಷ ಎಂದು ಯಾರಿಗೂ ನೆನಪಿಲ್ಲ.

ಕೀಲಿ ಕೊಟ್ಟರೆ ನಡೆಯುತ್ತದೆ. ಬಿಳಿ ಡಯಲ್ ಮೇಲೆ ಫಾವ್ರೆ ಲೂಬಾ ಎಂದಿದೆ, ಕೆಳಗೆ ಆರರ ಅಂಕಿಯ ಎರಡೂ ಬದಿಗೆ ಸ್ವಿಸ್ ಮೇಡ್ ಎಂದಿದೆ. ಆದರೆ ಹಿಂದಿನ ಮುಚ್ಚಳದಲ್ಲಿ ಇಂಗ್ಲಿಷ್ ಇಲ್ಲವೇ ಇಲ್ಲ. ಎಫ್, ಓ, ಎನ್, ಡಿ ಎಂದು ಒಂದು ಪದ ಶುರುವಾಗುತ್ತದೆ. ಮುಂದೆ ಆಸಿಯೆ, ಇನಾಕ್ಸಿದಾಬ್ಲ್ ಎಂಬಂತೆ ಓದಬಹುದಾದ ಪದಗಳಿವೆ. ಉಳಿದ ಅರ್ಧ ವೃತ್ತ ಬೆವರಿಗೆ ಸವೆದುಹೋಗಿದೆ. ಇದು ಯಾವ ದೇಶದ ವಾಚು? ಮಾರುವ ಉದ್ದೇಶವಿಲ್ಲ, ಬೆಲೆ ಬೇಡ, ದೇಶ ತಿಳಿದರೆ ಸಾಕು.

ರಾಯಚೂರು ಮೇಷ್ಟ್ರು | ಭಾನುವಾರ, ಬೆಳಿಗ್ಗೆ 10.15

ಇದರಲ್ಲಿ ಗೊಂದಲವೇನಿದೆ ಶರಣು? ಅದು ಫ್ರೆಂಚ್ ಭಾಷೆ. ಫೋಂ ಎಂದರೆ ತಳ, ಆಸಿಯೆ ಇನಾಕ್ಸಿದಾಬ್ಲ್ ಎಂದರೆ ತುಕ್ಕು ಹಿಡಿಯದ ಉಕ್ಕು. ತಮ್ಮ ಭಾಷೆಯಲ್ಲಿ ಕೊರೆದವರು ಫ್ರಾನ್ಸಿನವರು. ಡಯಲ್ಲಿನ ಅಕ್ಷರ ಬಣ್ಣ, ಯಾರು ಬೇಕಾದರೂ ಬಳಿಯಬಹುದು. ಲೋಹದಲ್ಲಿ ಕೊರೆದದ್ದನ್ನು ನಂಬಬೇಕು. ನಾನು ಮೂವತ್ತು ವರ್ಷ ಭಾಷೆ ಕಲಿಸಿದವನು, ಇದರಲ್ಲಿ ನನಗೆ ಅನುಮಾನವಿಲ್ಲ.

ಸಿಂಧನೂರು ವಿಜಯಕ್ಕ | ಭಾನುವಾರ, ಬೆಳಿಗ್ಗೆ 11.02

ನಮ್ಮ ಮನೆಯಲ್ಲಿಯೂ ಒಂದು ಹಳೆಯ ವಾಚಿದೆ, ನಮ್ಮ ಮಾವನವರದು. ಎಚ್‌ಎಂಟಿ ಜನತಾ. ಮೇಲೆ ಪಾರಾ ಶಾಕ್ ಎಂದು ಬರೆದಿದೆ. ನನ್ನ ಮೈದುನ ಅದು ಜಪಾನಿನ ಪದ, ಒಳಗಿರುವುದೆಲ್ಲ ಜಪಾನಿನದು ಎನ್ನುತ್ತಾನೆ. ಹೌದೇ? ಹಾಗಿದ್ದರೆ ಎಷ್ಟು ಬೆಲೆ ಬಾಳಬಹುದು?

ಕೌಲ್‌ಬಜಾರ್ ರಿಪೇರಿ | ಭಾನುವಾರ, ಮಧ್ಯಾಹ್ನ 2.30

ವಿಜಯಕ್ಕ, ನಿಮ್ಮದು ಬೇಗ ಮುಗಿಯುತ್ತದೆ. ಎಚ್‌ಎಂಟಿ ವಾಚು ತಯಾರಿಕೆ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದದ್ದು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ. ಪಾರಾ ಶಾಕ್ ಎಂಬುದು ಸಿಟಿಜನ್ ತನ್ನ ಆಘಾತ ತಡೆಗೆ ಇಟ್ಟ ಹೆಸರು, ಅದು ಸಹಯೋಗದ ಜೊತೆ ಇಲ್ಲಿಗೂ ಬಂತು. ನಿಮ್ಮ ಮೈದುನ ಹೇಳಿದ್ದು ಪದದ ಮಟ್ಟಿಗೆ ಸರಿ, ವಾಚಿನ ಮಟ್ಟಿಗೆ ಅಲ್ಲ. ಅದು ನಮ್ಮ ದೇಶದ ವಾಚು. ಬೆಲೆಯ ಮಾತು ನನ್ನಲ್ಲಿಲ್ಲ.

ಮೇಷ್ಟ್ರೇ, ಲೋಹವನ್ನು ನಂಬಿ ಎಂದದ್ದು ಒಳ್ಳೆಯ ಮಾತು. ಆದರೆ ಫ್ರೆಂಚ್ ಇದ್ದರೆ ಫ್ರಾನ್ಸ್ ಎಂಬುದು ನಿಲ್ಲುವುದಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ವಾಚು ಮಾಡುವ ಊರುಗಳಲ್ಲಿ ಹೆಚ್ಚಿನವು ಫ್ರೆಂಚ್ ಮಾತನಾಡುವ ಕಡೆಯೇ ಇವೆ. ಜಿನೀವಾ, ನ್ಯೂಶಾಟೆಲ್, ಲ ಶೋ ದ ಫೋಂ, ಎಲ್ಲವೂ. ಮುಚ್ಚಳದ ಉಕ್ಕಿನ ಮೇಲೆ ಆ ಕಾರ್ಮಿಕ ತನ್ನ ಭಾಷೆಯನ್ನೇ ಕೊರೆಯುತ್ತಾನೆ. ಗಂಗಾವತಿಯ ಅಂಗಡಿ ಬೋರ್ಡಿನ ಮೇಲೆ ತೆಲುಗು ಕಂಡರೆ ಅದು ಆಂಧ್ರದ ಅಂಗಡಿ ಎನ್ನುತ್ತೀರಾ?

ಶರಣು, ಎರಡು ಕೆಲಸ ಮಾಡಿ. ಮೊದಲನೆಯದು, ಸವೆದ ಅರ್ಧ ವೃತ್ತವನ್ನು ಓದುವುದು. ಮುಚ್ಚಳವನ್ನು ತೆರೆಯಬೇಡಿ. ಕೋಣೆ ಕತ್ತಲು ಮಾಡಿ, ಮೊಬೈಲಿನ ದೀಪವನ್ನು ವಾಚಿನ ಪಕ್ಕದಲ್ಲಿ, ಮೇಜಿಗೆ ಸಮನಾಗಿ ಹಿಡಿಯಿರಿ. ಮೇಲಿನಿಂದ ಬೆಳಕು ಬಿದ್ದರೆ ಉಕ್ಕು ಹೊಳೆಯುತ್ತದೆ ಅಷ್ಟೇ. ಪಕ್ಕದಿಂದ ಬಿದ್ದರೆ ಕೊರೆದ ಗೆರೆಯೊಳಗೆ ನೆರಳು ನಿಲ್ಲುತ್ತದೆ.

ಎರಡನೆಯದು ಮಷಿನ್ ನೋಡುವುದು. ಅದಕ್ಕೆ ಮುಚ್ಚಳ ತೆಗೆಯಬೇಕು. ಅಂಚಿನಲ್ಲಿ ಉಗುರಿನಷ್ಟು ಸಂದಿ ಕಾಣುತ್ತಿದ್ದರೆ ಅದು ಒತ್ತುವ ಮುಚ್ಚಳ, ಸುತ್ತಲೂ ಕಚ್ಚುಗಳಿದ್ದರೆ ತಿರುಗುವ ಮುಚ್ಚಳ. ಎರಡನೆಯದಾಗಿದ್ದರೆ ಮನೆಯಲ್ಲಿ ಕೈ ಹಾಕಬೇಡಿ, ಇಕ್ಕಳ ಜಾರಿ ಉಳಿದ ಅಕ್ಷರಗಳೂ ಅಳಿಸಿಹೋದಾವು.

ಹಟ್ಟಿ ಹುಡುಗ | ಭಾನುವಾರ, ಮಧ್ಯಾಹ್ನ 3.10

ಅಣ್ಣ, ನನ್ನದನ್ನೂ ಹೇಳಿಬಿಡಿ. ರಾಯಚೂರಿನಲ್ಲಿ 700 ರೂಪಾಯಿ ಕೊಟ್ಟು ಕೊಂಡೆ. ಡಯಲ್ ಕೆಳಗೆ ಜಪಾನ್ ಎಂ-ಓ-ವಿ-ಟಿ ಎಂದಿದೆ. ಜಪಾನಿನ ವಾಚು ಇಷ್ಟು ಅಗ್ಗಕ್ಕೆ ಸಿಗುತ್ತದೆಯೇ, ಅಥವಾ ನನಗೆ ಅದೃಷ್ಟ ಹೊಡೆಯಿತೇ?

ಕುಷ್ಟಗಿ ಸಂಗ್ರಹ | ಭಾನುವಾರ, ಸಂಜೆ 5.45

ಅದೃಷ್ಟವಿಲ್ಲ ತಮ್ಮಾ. ಮೂವ್‌ಮೆಂಟ್ ಎಂಬ ಪದವನ್ನು ನಾಲ್ಕಕ್ಷರಕ್ಕೆ ಮೊಟಕು ಮಾಡಿದ್ದಾರೆ. ಒಳಗಿನ ಮಷಿನ್ ಮಾತ್ರ ಜಪಾನಿನದು ಎನ್ನುವುದಕ್ಕೆ ಹಾಗೆ ಬರೆಯುತ್ತಾರೆ. ತೆರೆದರೆ ಮಿಯೋಟಾ 2035, ನೋ ಜ್ಯುವೆಲ್ಸ್ ಎಂದಿದ್ದರೂ ಇರಬಹುದು. ಅದು ಸಿಟಿಜನ್ ಗುಂಪಿನ ಬ್ಯಾಟರಿ ಮಷಿನ್, ಲೆಕ್ಕವಿಲ್ಲದಷ್ಟು ಅಗ್ಗದ ವಾಚುಗಳಲ್ಲಿ ಕೂತಿದೆ. ಪೆಟ್ಟಿಗೆ, ಡಯಲ್, ಮುಳ್ಳು, ಪಟ್ಟಿ ಎಲ್ಲಿಂದ ಬಂದವು ಎಂದು ಆ ಅಕ್ಷರ ಹೇಳುವುದಿಲ್ಲ. ಜೋಡಿಸಿದ್ದು ಬೇರೆ ದೇಶದಲ್ಲಿ ಇರಬಹುದು.

ಶರಣು ಅವರ ವಾಚಿನ ಬಗ್ಗೆ ನನ್ನದು ನೇರ ಮಾತು. ಡಯಲ್ ಹೊಸ ಬಣ್ಣದ್ದು. ಹಳೆಯ ಫಾವ್ರೆ ಲೂಬಾ, ಹಳೆಯ ವೆಸ್ಟ್ ಎಂಡ್, ಹಳೆಯ ಸೈಕೋ, ಎಲ್ಲಕ್ಕೂ ಮುಂಬಯಿಯಲ್ಲಿ ಹೊಸ ಬಣ್ಣ ಬಳಿದು ಮಾರುವ ದಂಧೆ ಇದೆ. ಒಳಗೆ ಏನೂ ಇರಬಹುದು. ದೇಶ ಹುಡುಕುವುದು ದಂಡ.

ಕೌಲ್‌ಬಜಾರ್ ರಿಪೇರಿ | ಭಾನುವಾರ, ಸಂಜೆ 6.20

ಕುಷ್ಟಗಿಯವರೇ, ಡಯಲ್ ಹೊಸದಾಗಿದ್ದರೆ ಮಷಿನ್ ಕೂಡ ಹೊಸದು ಎಂದಾಗುವುದಿಲ್ಲ. ನನ್ನ ಅಂಗಡಿಗೆ ಬಣ್ಣ ಬಳಿದ ಡಯಲ್ಲಿನ ಕೆಳಗೆ ಒಳ್ಳೆಯ ಮಷಿನ್ ಇಟ್ಟುಕೊಂಡ ವಾಚುಗಳು ತಿಂಗಳಿಗೊಂದಾದರೂ ಬರುತ್ತವೆ. ಡಯಲ್, ಪೆಟ್ಟಿಗೆ, ಮಷಿನ್, ಈ ಮೂವರನ್ನೂ ಬೇರೆ ಬೇರೆ ಸಾಕ್ಷಿಗಳಂತೆ ಕೇಳಬೇಕು. ಒಬ್ಬ ಸುಳ್ಳು ಹೇಳಿದರೆ ಉಳಿದಿಬ್ಬರನ್ನು ಮನೆಗೆ ಕಳಿಸುವುದು ನ್ಯಾಯವಲ್ಲ.

ಗಂಗಾವತಿ ಶರಣು | ಸೋಮವಾರ, ರಾತ್ರಿ 8.50

ಪಕ್ಕದ ಬೆಳಕಿನಲ್ಲಿ ಇನ್ನೂ ಒಂದು ಪದ ಕಂಡಿತು, ಪೂರ್ತಿ ಅಲ್ಲ. ಆಗ ಅಜ್ಜಿ ಒಂದು ಉಪಾಯ ಹೇಳಿದರು. ವಿಭೂತಿ ಗಟ್ಟಿಯನ್ನು ಬೆರಳಿಗೆ ಉಜ್ಜಿ ಮುಚ್ಚಳದ ಮೇಲೆ ಮೆಲ್ಲಗೆ ಸವರಿದೆ, ನಂತರ ಒಣ ಬಟ್ಟೆಯಿಂದ ಒಂದೇ ಸಲ ಒರೆಸಿದೆ. ಬೂದಿ ಗೆರೆಗಳಲ್ಲಿ ಕೂತು ಅಕ್ಷರ ಬೆಳ್ಳಗೆ ಮೇಲೆದ್ದವು. ಬಿ, ಆರ್, ಇ, ವಿ, ಇ, ಟಿ. ಅದರ ಮುಂದೆ ಒಂದು ಪುಟ್ಟ ಕೂಡಿಸು ಚಿಹ್ನೆ, ಅದರ ಮುಂದೆ ಅಂಕಿಗಳು. 3ರಿಂದ ಶುರುವಾಗುತ್ತದೆ, ನಾಲ್ಕು ಅಂಕಿ ಓದಬಹುದು, ಕೊನೆಯ ಎರಡು ಸವೆದಿವೆ.

ಅಂಚಿನಲ್ಲಿ ಸಂದಿ ಇದೆ, ಹಾಗಾಗಿ ಇದು ಒತ್ತುವ ಮುಚ್ಚಳ. ಇನ್ನೂ ತೆಗೆದಿಲ್ಲ.

ರಾಯಚೂರು ಮೇಷ್ಟ್ರು | ಸೋಮವಾರ, ರಾತ್ರಿ 9.05

ಬ್ರೆವೆ! ಅಂದರೆ ಪೇಟೆಂಟ್. ಫ್ರೆಂಚ್ ಪದವೇ. ನಾನು ಹೇಳಲಿಲ್ಲವೇ?

ಕೌಲ್‌ಬಜಾರ್ ರಿಪೇರಿ | ಸೋಮವಾರ, ರಾತ್ರಿ 9.40

ಮೇಷ್ಟ್ರೇ, ನಿಮ್ಮ ವಾದವನ್ನು ಮುರಿಯುವುದೇ ಆ ಪುಟ್ಟ ಕೂಡಿಸು ಚಿಹ್ನೆ. ಅದು ಗಣಿತದ ಚಿಹ್ನೆಯಲ್ಲ, ಸ್ವಿಸ್ ಧ್ವಜದ ಶಿಲುಬೆ. ಸ್ವಿಟ್ಜರ್ಲೆಂಡಿನಲ್ಲಿ ಪಡೆದ ಪೇಟೆಂಟಿಗೆ ಸಂಖ್ಯೆಯ ಹಿಂದೆ ಈ ಶಿಲುಬೆ ಹಾಕುವ ರೂಢಿ ಇತ್ತು. ಫ್ರಾನ್ಸಿನದಾಗಿದ್ದರೆ ಬ್ರೆವೆ ಪದದ ಮುಂದೆ ಎಸ್, ಜಿ, ಡಿ, ಜಿ ಎಂಬ ನಾಲ್ಕು ಅಕ್ಷರ ಬರುವ ಸಾಧ್ಯತೆ ಹೆಚ್ಚು. ಸರ್ಕಾರ ಖಾತರಿ ಕೊಡುವುದಿಲ್ಲ ಎಂದು ಹೇಳುವ ಅಕ್ಷರಗಳು ಅವು, ಫ್ರಾನ್ಸಿನ ಕಾನೂನು ಹಾಗೆ ಬರೆಯಲು ಹೇಳುತ್ತಿತ್ತು. ಒಂದೇ ಭಾಷೆ, ಎರಡು ದೇಶ, ಬೇರೆ ಬೇರೆ ಬಾಲ.

ಆದರೆ ಶರಣು, ಇಲ್ಲೇ ಗೆದ್ದೆವು ಎಂದುಕೊಳ್ಳಬೇಡಿ. ಮುಚ್ಚಳದ ಮೇಲಿನ ಪೇಟೆಂಟ್ ಸಾಮಾನ್ಯವಾಗಿ ಪೆಟ್ಟಿಗೆಯದು. ನೀರು ತಡೆಯುವ ಬಗೆ, ಮುಚ್ಚಳ ಕೂರುವ ಬಗೆ, ಇಂಥದಕ್ಕೆ ಪಡೆದದ್ದು. ಆ ಪೇಟೆಂಟಿನವನು ಪೆಟ್ಟಿಗೆ ಮಾತ್ರ ಮಾಡಿ ಹತ್ತು ಕಂಪನಿಗಳಿಗೆ ಮಾರಿರಬಹುದು. ಪೆಟ್ಟಿಗೆ ಸ್ವಿಸ್ ಎಂಬುದಕ್ಕೆ ಇದು ಬಲವಾದ ಸುಳಿವು. ವಾಚು ಸ್ವಿಸ್ ಎಂಬುದಕ್ಕೆ ಅಲ್ಲ.

ಮುಚ್ಚಳ ತೆಗೆಯುವಾಗ ವಾಚನ್ನು ದಪ್ಪ ಟವೆಲ್ಲಿನ ಮೇಲೆ ಬೋರಲು ಇಡಿ. ಮೊಂಡ ಅಲಗಿನ ಚಾಕುವನ್ನು ಸಂದಿಯಲ್ಲಿ ಇಟ್ಟು ಮೀಟಬೇಡಿ, ತಿರುಗಿಸಿ. ಫ್ಯಾನ್ ಆರಿಸಿ. ಒಳಗೆ ಬೆರಳು, ಉಸಿರು, ವಿಭೂತಿ ಯಾವುದೂ ಹೋಗಬಾರದು. ಓಡಾಡುವ ಚಕ್ರ ಬ್ಯಾಲೆನ್ಸ್, ಅದರ ಕೆಳಗೆ ತಟ್ಟೆಯ ಮೇಲೆ ಒಂದು ಪುಟ್ಟ ಗುರುತು ಇರುತ್ತದೆ. ಕೀಲಿ ಪೂರ್ತಿ ಇಳಿದು ವಾಚು ತಾನಾಗಿ ನಿಂತ ಮೇಲೆ ಫೋಟೊ ತೆಗೆಯಿರಿ. ಚಕ್ರ ಓಡುತ್ತಿದ್ದರೆ ಕೆಳಗಿನದು ಮಸುಕಾಗುತ್ತದೆ.

ಗಂಗಾವತಿ ಶರಣು | ಬುಧವಾರ, ಸಂಜೆ 7.15

ನಿಲ್ಲಲು ಒಂದೂವರೆ ದಿನ ಬೇಕಾಯಿತು! ಫೋಟೊ ಹಾಕಿದ್ದೇನೆ. ಮಷಿನ್‌ನ ಮೇಲಿನ ದೊಡ್ಡ ಲೋಹದ ಪಟ್ಟಿಯ ಮೇಲೆ 17 ಜ್ಯುವೆಲ್ಸ್ ಎಂದೂ ಅದರ ಕೆಳಗೆ ಸ್ವಿಸ್ ಎಂದೂ ಕೊರೆದಿದೆ. ಕಂಪನಿಯ ಹೆಸರು ಎಲ್ಲಿಯೂ ಇಲ್ಲ. ಚಕ್ರದ ಕೆಳಗೆ ಎಫ್, ಎಚ್, ಎಫ್ ಅಕ್ಷರಗಳು, ಪಕ್ಕದಲ್ಲಿ 96.

ಮುಚ್ಚಳದ ಒಳಬದಿಯಲ್ಲಿ ಅಚ್ಚು ಏನೂ ಇಲ್ಲ. ಸೂಜಿಯಿಂದ ಗೀಚಿದಂತೆ ಮೂರು ಸಾಲು ಇವೆ. 5-68, 11-74, 3-83. ಇವು ಕ್ರಮ ಸಂಖ್ಯೆಯೇ?

ಕೌಲ್‌ಬಜಾರ್ ರಿಪೇರಿ | ಬುಧವಾರ, ರಾತ್ರಿ 10.10

ಮೊದಲು ಸುಲಭದ್ದು. ಗೀಚಿದ್ದು ನನ್ನಂಥವರ ಕೈಬರಹ. ರಿಪೇರಿ ಮಾಡಿದವನು ತಿಂಗಳು, ವರ್ಷ ಗೀಚಿಡುತ್ತಾನೆ, ಗಿರಾಕಿ ಮತ್ತೆ ಬಂದಾಗ ಜಗಳವಾಗದಿರಲಿ ಎಂದು. ನನ್ನ ತಂದೆಯೂ ಗೀಚುತ್ತಿದ್ದರು, ನಾನೂ ಗೀಚುತ್ತೇನೆ. ಕಂಪನಿಯ ಸಂಖ್ಯೆಯನ್ನು ಅಚ್ಚೊತ್ತಿರುತ್ತಾರೆ, ಅಂಕಿಗಳೆಲ್ಲ ಒಂದೇ ಆಳ, ಒಂದೇ ಅಳತೆ. ಗೀಚಿದ್ದರಲ್ಲಿ 8ರ ಹೊಟ್ಟೆ ಒಂದೊಂದು ಸಲ ಒಂದೊಂದು ಬಗೆ. ಇದನ್ನು ಓದಿದರೆ ವಾಚು 1968ರ ಮೇ ತಿಂಗಳಿಗೆ ಮೊದಲಿನದು ಎಂದು ಹೇಳಬಹುದು, ಅದೂ ಮುಚ್ಚಳದ ಮಟ್ಟಿಗೆ.

ಈಗ ಮಷಿನ್. ಎಫ್‌ಎಚ್‌ಎಫ್ ಎಂದರೆ ಸ್ವಿಟ್ಜರ್ಲೆಂಡಿನ ಫೋಂತೆನ್‌ಮೆಲೋಂ ಎಂಬ ಹಳ್ಳಿಯ ಕಾರ್ಖಾನೆ, 1793ರಷ್ಟು ಹಳೆಯದು. ಅವರು ವಾಚು ಮಾರುವುದಕ್ಕಿಂತ ಹೆಚ್ಚಾಗಿ ಕಚ್ಚಾ ಮಷಿನ್ ಮಾಡಿ ಬೇರೆಯವರಿಗೆ ಮಾರುತ್ತಿದ್ದರು. 96 ಎಂಬುದು ಆ ಮಷಿನ್‌ನ ಸಂಖ್ಯೆ. ನಮ್ಮ ಕಡೆ ಬಹಳ ಬರುತ್ತದೆ, ಗಟ್ಟಿ ಮಷಿನ್.

ಇಲ್ಲಿ ಒಂದು ಸೂಕ್ಷ್ಮ ಇದೆ, ಬಹಳ ಜನ ತಪ್ಪುವುದು ಇಲ್ಲೇ. ಚಕ್ರದ ಕೆಳಗಿನ ಗುರುತು ಕಚ್ಚಾ ಮಷಿನ್ ಮಾಡಿದವನದು. ಮೇಲಿನ ಪಟ್ಟಿಯ ಬರಹ ಅದನ್ನು ಕಲ್ಲು, ಸ್ಪ್ರಿಂಗ್ ಹಾಕಿ ಮುಗಿಸಿದವನದು. ಸ್ವಿಸ್ ಕಚ್ಚಾ ಮಷಿನ್ ಹೊರದೇಶಕ್ಕೆ ಹೋಗಿ ಅಲ್ಲಿ ಮುಗಿದದ್ದೂ ಉಂಟು. ಅದು ಹೆಚ್ಚಾಗಿ ತಮ್ಮ ಕಸುಬಿಗೆ ಪೆಟ್ಟು ಬೀಳುತ್ತದೆಂದು ಸ್ವಿಸ್ ಸರ್ಕಾರ 1934ರಲ್ಲಿ ಅಂಥ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಹಾಗಾಗಿ ಚಕ್ರದ ಕೆಳಗೆ ಎಫ್‌ಎಚ್‌ಎಫ್ ಇದ್ದು ಪಟ್ಟಿ ಖಾಲಿಯಾಗಿದ್ದರೆ ನಾನು ಸುಮ್ಮನಿರುತ್ತೇನೆ. ನಿಮ್ಮದರಲ್ಲಿ ಎರಡೂ ಇವೆ. ಆದ್ದರಿಂದ ಮಷಿನ್ ಸ್ವಿಸ್, ಅಲ್ಲಿಯೇ ಮುಗಿದದ್ದು ಎಂದು ಒಪ್ಪುತ್ತೇನೆ.

ಆದರೆ ಡಯಲ್ ಮೇಲಿನ ಹೆಸರನ್ನು ಒಪ್ಪುವುದಿಲ್ಲ. ಫಾವ್ರೆ ಲೂಬಾದವರು ಪಟ್ಟಿಯ ಮೇಲೆ ತಮ್ಮ ಹೆಸರು ಕೊರೆಯುತ್ತಿದ್ದರು. ಅರವತ್ತರ ದಶಕದಲ್ಲಿ ಎರಡು ಸ್ಪ್ರಿಂಗ್ ಡಬ್ಬಿಯ ಸ್ವಂತ ಮಷಿನ್ 251 ಕೂಡ ತಂದಿದ್ದರು. ಹೆಸರಿಲ್ಲದ ಎಫ್‌ಎಚ್‌ಎಫ್ ಮೇಲೆ ಅವರ ಡಯಲ್ ಕಂಡರೆ ನನ್ನ ಹುಬ್ಬು ಏರುತ್ತದೆ. ಭೂತಗನ್ನಡಿಯಲ್ಲಿ ಡಯಲ್ಲಿನ ನಡುವಿನ ತೂತು ನೋಡಿ. ಮುಳ್ಳಿನ ಬುಡದ ಸುತ್ತ ಬಣ್ಣ ಒಳಕ್ಕೆ ಇಳಿದಿದೆಯೇ? ಅಂಕಿಗಳ ಬುಡದಲ್ಲಿ ಬಿಳಿ ದಪ್ಪಗೆ ನಿಂತಿದೆಯೇ?

ಗಂಗಾವತಿ ಶರಣು | ಗುರುವಾರ, ಬೆಳಿಗ್ಗೆ 8.00

ಎರಡೂ ಹೌದು. 4ರ ಬುಡದಲ್ಲಿ ಬಣ್ಣದ ಒಂದು ಹನಿಯೇ ಒಣಗಿ ನಿಂತಿದೆ. ನಿಮಿಷದ ಗೆರೆಗಳಲ್ಲಿ ಎರಡು ಕಡೆ ಅಂತರ ಸಮವಿಲ್ಲ.

ಇದನ್ನು ಅಮ್ಮನಿಗೆ ತೋರಿಸಿದೆ. ಅವರು ತಟ್ಟನೆ, "ಅದು ಮೊದಲು ಕರಿ ಮುಖದ ವಾಚು ಕಣೋ, ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ರಿಪೇರಿಗೆ ಕೊಟ್ಟು ತಂದರು, ಬಿಳಿಯಾಗಿ ಬಂತು, ಬಹಳ ಬೈದುಕೊಂಡರು" ಎಂದರು. ಇಷ್ಟು ದಿನ ಹೇಳಲಿಲ್ಲವೇಕೆ ಎಂದರೆ, ನೀನು ಕೇಳಿದ್ದು ದೇಶ, ಬಣ್ಣವಲ್ಲ ಎಂದರು. ಅಮ್ಮ ಹೈಸ್ಕೂಲಿನಲ್ಲಿದ್ದದ್ದು 1974ರ ಸುಮಾರಿಗೆ. ಒಳಗಿನ ಗೀಚಿಗೆ ಹೊಂದುತ್ತದೆ.

ರಾಯಚೂರು ಮೇಷ್ಟ್ರು | ಗುರುವಾರ, ಬೆಳಿಗ್ಗೆ 8.30

ಒಪ್ಪಿದೆ, ಫ್ರಾನ್ಸ್ ಬಿಟ್ಟುಕೊಟ್ಟೆ. ಆದರೆ ನನ್ನ ಮೊದಲ ಮಾತು ನಿಂತಿತು, ಬಣ್ಣವನ್ನು ನಂಬಬಾರದು. ಒಂದು ಪ್ರಶ್ನೆ. ಸ್ವಿಸ್ ಮೇಡ್ ಎಂದು ಯಾರು ಬೇಕಾದರೂ ಬರೆಯಬಹುದಾದರೆ ಆ ಪದಕ್ಕೆ ಕಾನೂನಿನಲ್ಲಿ ಬೆಲೆಯೇ ಇಲ್ಲವೇ?

ಕೌಲ್‌ಬಜಾರ್ ರಿಪೇರಿ | ಗುರುವಾರ, ಮಧ್ಯಾಹ್ನ 1.20

ಅವರ ದೇಶದ ಕಾನೂನಿನಲ್ಲಿ ಇದೆ ಮೇಷ್ಟ್ರೇ. 1971ರ ನಿಯಮದಂತೆ ಮಷಿನ್ ಸ್ವಿಸ್ ಆಗಿರಬೇಕು, ಪೆಟ್ಟಿಗೆಗೆ ಕೂರಿಸುವುದು, ಕೊನೆಯ ತಪಾಸಣೆ ಎರಡೂ ಅಲ್ಲಿಯೇ ನಡೆಯಬೇಕು. 2017ರಿಂದ ತಯಾರಿಕಾ ವೆಚ್ಚದಲ್ಲಿ 60 ಶೇಕಡವಾದರೂ ಅಲ್ಲಿನದಾಗಿರಬೇಕು ಎಂದೂ ಸೇರಿಸಿದರು. ಆದರೆ ಆ ನಿಯಮ ಇಲ್ಲಿ ಡಯಲ್ಲಿಗೆ ಬಣ್ಣ ಬಳಿಯುವವನ ಕುಂಚ ಹಿಡಿಯಲು ಬರುವುದಿಲ್ಲ. ಅವನು ಮಾದರಿ ನೋಡಿ ಬರೆಯುತ್ತಾನೆ, ಅವನ ಮುಂದೆ ಅಂದು ಫಾವ್ರೆ ಲೂಬಾ ಮಾದರಿ ಇತ್ತು, ಅಷ್ಟೇ.

ಕುಷ್ಟಗಿ ಸಂಗ್ರಹ | ಗುರುವಾರ, ಸಂಜೆ 6.00

ಡಯಲ್ ಬದಲಾಯಿತು ಎಂದು ಒಪ್ಪಿದಿರಿ. ಅದೇ ದಿನ ಮಷಿನ್ ಬದಲಾಗಲಿಲ್ಲ ಎಂದು ಯಾರು ಹೇಳಿದರು? ಶರಣು, ನಿಮ್ಮ ಫೋಟೊದಲ್ಲಿ ಮಷಿನ್‌ಗೂ ಪೆಟ್ಟಿಗೆಯ ಗೋಡೆಗೂ ನಡುವೆ, 8ರ ಹತ್ತಿರ, ಏನೋ ಹೊಳೆಯುತ್ತಿದೆ. ದೊಡ್ಡದು ಮಾಡಿ ನೋಡಿ.

ಗಂಗಾವತಿ ಶರಣು | ಗುರುವಾರ, ಸಂಜೆ 6.40

ನೋಡಿದೆ. ಮಡಿಸಿದ ತಗಡು ಕಾಗದ, ಸಿಗರೇಟ್ ಪ್ಯಾಕೆಟ್ಟಿನ ಒಳಗೆ ಬರುತ್ತಲ್ಲ, ಅದೇ. ಕಾಲು ವೃತ್ತದಷ್ಟು ಉದ್ದ ಇದೆ. ಇದು ಏಕೆ?

ಕೌಲ್‌ಬಜಾರ್ ರಿಪೇರಿ | ಗುರುವಾರ, ರಾತ್ರಿ 9.15

ಕುಷ್ಟಗಿಯವರ ಕಣ್ಣಿಗೆ ಶರಣು. ನಾನು ಅಕ್ಷರ ಓದುವುದರಲ್ಲಿ ಮುಳುಗಿ ಅದನ್ನು ನೋಡಲಿಲ್ಲ.

ಮಷಿನ್ ತನ್ನದೇ ಪೆಟ್ಟಿಗೆಯಲ್ಲಿ ಕೂತರೆ ಅಲ್ಲಾಡುವುದಿಲ್ಲ. ಅಳತೆಗೆ ತಕ್ಕ ಲೋಹದ ಉಂಗುರ ಇರುತ್ತದೆ, ಇಲ್ಲವೇ ಅಂಚಿನ ಎರಡು ತಿರುಪು ಅದನ್ನು ಹಿಡಿದಿರುತ್ತವೆ. ಕಾಗದ ತುರುಕಿದ್ದಾರೆ ಎಂದರೆ ಮಷಿನ್ ಪೆಟ್ಟಿಗೆಗಿಂತ ಸ್ವಲ್ಪ ಚಿಕ್ಕದು, ಅಥವಾ ಉಂಗುರ ಕಳೆದುಹೋಗಿದೆ. ಎರಡರಲ್ಲಿ ಯಾವುದು ಎಂದು ತಿಳಿಯಲು ಕೀಲಿಯ ಕಡ್ಡಿ ನೋಡಬೇಕು. ಕಡ್ಡಿ ಪೆಟ್ಟಿಗೆಯ ತೂತಿನ ನಡುಮಧ್ಯದಲ್ಲಿ ಹೋಗುತ್ತಿದ್ದರೆ ಉಂಗುರ ಮಾತ್ರ ಕಳೆದಿರಬಹುದು. ಮೇಲಕ್ಕೋ ಕೆಳಕ್ಕೋ ಒತ್ತಿಕೊಂಡು ಹೋಗುತ್ತಿದ್ದರೆ, ತೂತನ್ನು ಅರದಿಂದ ಉಜ್ಜಿ ಅಗಲ ಮಾಡಿದ್ದರೆ, ಮಷಿನ್ ಬೇರೆ ಮನೆಯಿಂದ ಬಂದದ್ದು.

ಡಯಲ್ಲಿನ ಬೆನ್ನಿನಲ್ಲಿ ಎರಡು ಕಾಲುಗಳಿರುತ್ತವೆ, ಅವು ಮಷಿನ್‌ನ ತೂತುಗಳಲ್ಲಿ ಕೂರುತ್ತವೆ. ಆ ಕಾಲುಗಳನ್ನು ಕತ್ತರಿಸಿ ಅಂಟಿನಿಂದ ಅಂಟಿಸಿದ್ದರೆ ಅದೂ ಒಂದು ಸಾಕ್ಷಿ. ಅದನ್ನು ನೋಡಲು ಮುಳ್ಳು ಕೀಳಬೇಕು. ಮನೆಯಲ್ಲಿ ಬೇಡ.

ಹಾಗಾಗಿ ನನ್ನ ನಿನ್ನೆಯ ಮಾತನ್ನು ತುಸು ಹಿಂದಕ್ಕೆ ಎಳೆದುಕೊಳ್ಳುತ್ತೇನೆ. ಮಷಿನ್ ಸ್ವಿಸ್, ಅದು ಬದಲಾಗುವುದಿಲ್ಲ. ಪೆಟ್ಟಿಗೆ ಬಹುಶಃ ಸ್ವಿಸ್. ಅವೆರಡೂ ಒಂದೇ ವಾಚಿನವು ಎಂದು ಇನ್ನು ಹೇಳಲಾರೆ. ಅಜ್ಜ ಕೊಂಡ ಕರಿ ಮುಖದ ವಾಚಿನ ಹೆಸರು ಏನಿತ್ತು ಎಂಬುದು ಆ ಬಿಳಿ ಬಣ್ಣದ ಕೆಳಗಿದೆ, ಇಲ್ಲವೇ ಅದನ್ನು ಕೆರೆದು ಹಾಕಿದವನ ಮೇಜಿನ ಕೆಳಗೆ ಹೋಯಿತು.

ಹಟ್ಟಿ ಹುಡುಗ | ಗುರುವಾರ, ರಾತ್ರಿ 9.50

ನಾನೂ ತೆರೆದೆ. ಕುಷ್ಟಗಿ ಅಣ್ಣ ಹೇಳಿದಂತೆಯೇ ಮಿಯೋಟಾ, 2035. ಆದರೆ ಮುಚ್ಚಳ ಮತ್ತೆ ಕೂರುತ್ತಿಲ್ಲ. ಏನು ಮಾಡಲಿ?

ಕುಷ್ಟಗಿ ಸಂಗ್ರಹ | ಗುರುವಾರ, ರಾತ್ರಿ 10.05

ಮುಚ್ಚಳದ ಅಂಚಿನಲ್ಲಿ ಕೀಲಿಯ ಕಡ್ಡಿಗೆಂದು ಒಂದು ಕಚ್ಚು ಇರುತ್ತದೆ, ಅದನ್ನು ಕೀಲಿಯ ಕಡೆಗೆ ತಿರುಗಿಸಿ ಎರಡು ಹೆಬ್ಬೆರಳಿನಿಂದ ಒತ್ತು. ಹಲ್ಲಿನಿಂದ ಕಚ್ಚಬೇಡ.

ಗಂಗಾವತಿ ಶರಣು | ಶುಕ್ರವಾರ, ಬೆಳಿಗ್ಗೆ 7.30

ಕಡ್ಡಿಯನ್ನು ನೋಡಿದೆ. ತೂತಿನ ನಡುವೆಯೇ ಹೋಗುತ್ತಿರುವಂತೆ ನನಗೆ ಕಾಣುತ್ತದೆ, ತಮ್ಮನಿಗೆ ಸ್ವಲ್ಪ ಕೆಳಗೆ ಕಾಣುತ್ತದೆ. ಮಂಗಳವಾರ ಬಳ್ಳಾರಿಗೆ ಬರುವ ಕೆಲಸವಿದೆ, ಕೌಲ್ ಬಜಾರಿಗೆ ವಾಚು ತರುತ್ತೇನೆ. ಮುಳ್ಳು ಕಿತ್ತು ಡಯಲ್ಲಿನ ಬೆನ್ನು ನೋಡಿ, ಆದರೆ ಬಿಳಿ ಬಣ್ಣವನ್ನು ಕೆರೆಯಬೇಡಿ ಎಂದು ಅಮ್ಮ ಹೇಳಿದ್ದಾರೆ. ಅವರು ಅಜ್ಜನ ಕೈಯಲ್ಲಿ ಹೆಚ್ಚು ವರ್ಷ ನೋಡಿದ್ದು ಬಿಳಿಯದನ್ನೇ ಅಂತೆ.

ಕೌಲ್‌ಬಜಾರ್ ರಿಪೇರಿ | ಶುಕ್ರವಾರ, ಬೆಳಿಗ್ಗೆ 9.00

ಕೆರೆಯುವುದಿಲ್ಲ. ಹನ್ನೊಂದರ ಮೇಲೆ ಬನ್ನಿ. ಬರುವಾಗ ಆ ತಗಡು ಕಾಗದವನ್ನು ತೆಗೆಯದೆ ಹಾಗೇ ತನ್ನಿ.